ಮೊದಲು ಎತ್ತಿದ ಚೀಟಿ, ಕೊನೆಗೆ ಎತ್ತಿದ ಚೀಟಿ: ಕೈಗೆ ನಿಜಕ್ಕೂ ಬರುವುದೆಷ್ಟು?

ಹರಾಜು ಚೀಟಿಯಲ್ಲಿ ಪ್ರತಿ ತಿಂಗಳೂ ಎಲ್ಲ ಸದಸ್ಯರು ಕಂತು ಕಟ್ಟುತ್ತಾರೆ, ಒಬ್ಬರು ಇಡೀ ಗಂಟನ್ನು ಎತ್ತುತ್ತಾರೆ. ಯಾರು ಎತ್ತಬೇಕೆಂಬುದು ಕೂಗಿನಲ್ಲಿ ತೀರ್ಮಾನವಾಗುತ್ತದೆ. ದುಡ್ಡು ತುರ್ತಾಗಿ ಬೇಕಾದವರು ಚೀಟಿಯ ಪೂರ್ತಿ ಮೊತ್ತದಲ್ಲಿ ಇಷ್ಟು ಬಿಟ್ಟುಕೊಡುತ್ತೇನೆ ಎಂದು ಕೂಗುತ್ತಾರೆ. ಹೆಚ್ಚು ಬಿಟ್ಟುಕೊಟ್ಟವರಿಗೆ ಆ ತಿಂಗಳ ಚೀಟಿ. ಹಾಗೆ ಬಿಟ್ಟ ಹಣದಲ್ಲಿ ಮೊದಲು ಚೀಟಿ ನಡೆಸುವವರ ಕಮಿಷನ್ ಹೋಗುತ್ತದೆ. ಮಿಕ್ಕದ್ದು ಸದಸ್ಯರಿಗೆಲ್ಲ ಸಮನಾಗಿ ಹಂಚಿಕೆಯಾಗಿ ಅವರ ಕಂತಿನಲ್ಲಿ ಕಳೆಯುತ್ತದೆ. ಇದನ್ನೇ ಜನ ಡಿವಿಡೆಂಡ್ ಎನ್ನುತ್ತಾರೆ.

ಈ ಏರ್ಪಾಡಿನಲ್ಲಿ ಮೊದಲ ತಿಂಗಳು ಚೀಟಿ ಎತ್ತಿದವರು ಸಾಲಗಾರರು, ಕೊನೆಯ ತಿಂಗಳು ಎತ್ತಿದವರು ಉಳಿತಾಯಗಾರರು. ನಡುವಿನವರೆಲ್ಲ ಅರ್ಧ ಅದು, ಅರ್ಧ ಇದು. ಆದರೆ ಚೀಟಿಯ ಪಾಸ್‌ಬುಕ್ಕಿನಲ್ಲಿ ಬಡ್ಡಿ ಎಂಬ ಕಾಲಮ್ಮೇ ಇರುವುದಿಲ್ಲ. ಕಟ್ಟಿದ್ದೆಷ್ಟು, ಬಂದದ್ದೆಷ್ಟು ಎಂಬುದಷ್ಟೇ ಕಾಣುತ್ತದೆ. ಆದ್ದರಿಂದ ಸಾಲ ಎಷ್ಟು ತುಟ್ಟಿ, ಉಳಿತಾಯ ಎಷ್ಟು ಲಾಭದ್ದು ಎಂಬುದು ಬಹಳ ಸದಸ್ಯರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಅದನ್ನು ಹೊರತೆಗೆಯಲು ಒಂದು ಚೀಟಿಯನ್ನು ಆರಂಭದಿಂದ ಮುಗಿಯುವವರೆಗೆ ಲೆಕ್ಕ ಹಾಕಿ ನೋಡುವುದೇ ದಾರಿ.

ಲೆಕ್ಕಕ್ಕೆ 1 ಲಕ್ಷ ರೂಪಾಯಿಯ ಒಂದು ಚೀಟಿಯನ್ನು ತೆಗೆದುಕೊಳ್ಳಬಹುದು. 20 ಸದಸ್ಯರು, 20 ತಿಂಗಳು, ತಿಂಗಳಿಗೆ 5,000 ರೂಪಾಯಿ ಕಂತು. ಕಮಿಷನ್ ಶೇ. 5, ಅಂದರೆ ಪ್ರತಿ ತಿಂಗಳೂ 5,000 ರೂಪಾಯಿ. ಎಷ್ಟರವರೆಗೆ ಕೂಗಬಹುದು ಎಂಬ ಮಿತಿ ಚೀಟಿಯ ಕರಾರುಪತ್ರದಲ್ಲೇ ಇರುತ್ತದೆ. ಇಲ್ಲಿ ಅದು ಶೇ. 30 ಎಂದಿಟ್ಟುಕೊಳ್ಳೋಣ. ಮೊದಲ ಮೂರು ತಿಂಗಳು ದುಡ್ಡು ಬೇಕಾದವರು ಹೆಚ್ಚಿರುವುದರಿಂದ ಕೂಗು ಮಿತಿಗೇ ಹೋಗಿ ನಿಲ್ಲುತ್ತದೆ: 30,000. ಮಿತಿಯಲ್ಲಿ ಇಬ್ಬರು ಮೂವರು ನಿಂತರೆ ಅವರ ನಡುವೆ ಲಾಟರಿ ಎತ್ತುತ್ತಾರೆ. ಆಮೇಲೆ ಕೂಗು ತಿಂಗಳಿಂದ ತಿಂಗಳಿಗೆ ಇಳಿಯುತ್ತ ಹೋಗುತ್ತದೆ: 28, 26, 25, 23, 21, 20, 18, 17, 15, 14, 13, 12, 11, 10, 9, 7 ಸಾವಿರ. ಕೊನೆಯ ತಿಂಗಳು ಉಳಿದವರು ಒಬ್ಬರೇ, ಪೈಪೋಟಿ ಇಲ್ಲ, ಬರಿಯ ಕಮಿಷನ್ 5 ಸಾವಿರ ಕಳೆದು 95,000 ಅವರ ಕೈಗೆ ಬರುತ್ತದೆ.

ಮೊದಲ ತಿಂಗಳು ಬಿಟ್ಟ 30,000ದಲ್ಲಿ ಕಮಿಷನ್ 5,000 ಕಳೆದು ಉಳಿದ 25,000 ಇಪ್ಪತ್ತು ಜನಕ್ಕೆ ಹಂಚಿದರೆ ತಲಾ 1,250. ಹಾಗಾಗಿ ಆ ತಿಂಗಳು ಕಟ್ಟಬೇಕಾದದ್ದು 5,000 ಅಲ್ಲ, 3,750. ಹತ್ತನೇ ತಿಂಗಳಲ್ಲಿ ಕೂಗು 18,000, ಡಿವಿಡೆಂಡ್ 650, ಕಂತು 4,350. ಕೊನೆಯ ತಿಂಗಳು ಡಿವಿಡೆಂಡ್ ಇಲ್ಲ, ಪೂರ್ತಿ 5,000 ಕಟ್ಟಬೇಕು. ಹೀಗೆ ಇಪ್ಪತ್ತು ತಿಂಗಳು ಕೂಡಿದರೆ ಒಬ್ಬೊಬ್ಬ ಸದಸ್ಯರೂ ಕಟ್ಟಿದ್ದು 86,800 ರೂಪಾಯಿ. ಚೀಟಿ ಯಾವಾಗ ಎತ್ತಿದರೂ ಈ ಮೊತ್ತ ಎಲ್ಲರಿಗೂ ಒಂದೇ. ಬೇರೆಯಾಗುವುದು ಕೈಗೆ ಬಂದ ಹಣ ಮತ್ತು ಅದು ಬಂದ ತಿಂಗಳು, ಎರಡೇ.

ಮೊದಲ ತಿಂಗಳು ಎತ್ತಿದವರಿಗೆ ಸಿಕ್ಕಿದ್ದು 70,000. ಅದೇ ತಿಂಗಳ ಕಂತು 3,750 ಕಟ್ಟಿದ ಮೇಲೆ ನಿಜಕ್ಕೂ ಕೈಯಲ್ಲಿ ಉಳಿದದ್ದು 66,250. ಮುಂದಿನ 19 ತಿಂಗಳಲ್ಲಿ ಅವರು ಕಟ್ಟುವುದು 83,050. ಹೆಚ್ಚಿಗೆ ಹೋದದ್ದು 16,800. 66 ಸಾವಿರಕ್ಕೆ 17 ಸಾವಿರ ಎಂದರೆ ಶೇ. 25, ಅದೂ ಒಂದೂವರೆ ವರ್ಷಕ್ಕೆ, ಅಂದಮೇಲೆ ವರ್ಷಕ್ಕೆ ಶೇ. 16 ಎಂದು ತಟ್ಟನೆ ಹೇಳುವವರಿದ್ದಾರೆ. ಈ ಲೆಕ್ಕ ತಪ್ಪು. ಸಾಲಗಾರರ ಬಳಿ ಪೂರ್ತಿ 66,250 ಹತ್ತೊಂಬತ್ತು ತಿಂಗಳೂ ಇರಲಿಲ್ಲ. ಪ್ರತಿ ತಿಂಗಳೂ ಸುಮಾರು ನಾಲ್ಕು ಸಾವಿರ ಹಿಂದಕ್ಕೆ ಹೋಗುತ್ತಲೇ ಇತ್ತು. ಬಾಕಿ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿ ನೋಡಿದರೆ ಈ ಸಾಲದ ದರ ತಿಂಗಳಿಗೆ ನೂರಕ್ಕೆ ಎರಡೂಕಾಲು ರೂಪಾಯಿ, ವರ್ಷಕ್ಕೆ ಸುಮಾರು ಶೇ. 27.

ಊರ ಲೇವಾದೇವಿಯವರ ಮಾತಿನಲ್ಲೇ ಹೇಳುವುದಾದರೆ ಇದು ಎರಡು ರೂಪಾಯಿ ಬಡ್ಡಿಗಿಂತ ತುಸು ಹೆಚ್ಚು, ಮೂರು ರೂಪಾಯಿ ಬಡ್ಡಿಗಿಂತ ಕಡಿಮೆ. ಅದೇ 66,250 ರೂಪಾಯಿ ಬ್ಯಾಂಕಿನಲ್ಲಿ ಶೇ. 12ರ ವೈಯಕ್ತಿಕ ಸಾಲವಾಗಿ ಸಿಕ್ಕಿದ್ದರೆ 19 ಕಂತಿನಲ್ಲಿ ಬಡ್ಡಿ ಸುಮಾರು 6,800 ಆಗುತ್ತಿತ್ತು. ಚೀಟಿಯಲ್ಲಿ ಅದಕ್ಕಿಂತ 10,000 ಹೆಚ್ಚು ಹೋಯಿತು. ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್ಸ್, ಸಿಬಿಲ್ ಅಂಕ ಎಲ್ಲ ಸರಿ ಇರುವವರಿಗೆ ಇದು ದುಬಾರಿ ಸಾಲ. ಇವು ಯಾವುವೂ ಇಲ್ಲದ ಸಣ್ಣ ಅಂಗಡಿಯವರಿಗೆ, ಲೇವಾದೇವಿಯ ಬಾಗಿಲೊಂದೇ ತೆರೆದಿರುವವರಿಗೆ ಇದೇ ಸಾಲ ಅಗ್ಗ. ಮೊದಲು ಎತ್ತುವುದು ಮೂರ್ಖತನ ಎಂದು ಸಾರಾಸಗಟಾಗಿ ಹೇಳಲಾಗದಿರುವುದು ಈ ಕಾರಣಕ್ಕೆ.

ಮೂರ್ಖತನ ಎನ್ನಬಹುದಾದ ಸಂದರ್ಭ ಒಂದಿದೆ. ‘ಮೊದಲೇ ಎತ್ತಿ ಬ್ಯಾಂಕಿನಲ್ಲಿಟ್ಟರೆ ಬಡ್ಡಿಯೂ ಬರುತ್ತದೆ’ ಎಂಬ ಮಾತು ಚೀಟಿ ಸೇರಿಸುವ ಏಜೆಂಟರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. 66,250 ರೂಪಾಯಿಯನ್ನು ಶೇ. 7ರ ಠೇವಣಿಯಲ್ಲಿ 19 ತಿಂಗಳು ಇಟ್ಟರೆ ಬರುವುದು ಎಂಟು ಸಾವಿರದೊಳಗೆ. ಚೀಟಿಗೆ ಹೆಚ್ಚಿಗೆ ಹೋಗುವುದು ಅದರ ಎರಡರಷ್ಟಕ್ಕಿಂತ ಹೆಚ್ಚು. ಗಂಟಿಗೆ ತಕ್ಷಣದ ಖರ್ಚು ಇಲ್ಲದಿದ್ದರೆ ಆರಂಭದಲ್ಲಿ ಕೂಗಲೇಬಾರದು.

ಈಗ ಇನ್ನೊಂದು ತುದಿ. ಕೊನೆಯ ತಿಂಗಳು ಎತ್ತಿದವರು ಕಟ್ಟಿದ್ದು 86,800, ಸಿಕ್ಕಿದ್ದು 95,000. ಲಾಭ 8,200. ಇಲ್ಲಿ ತಪ್ಪು ಲೆಕ್ಕ ಎದುರು ದಿಕ್ಕಿನಲ್ಲಾಗುತ್ತದೆ. 86,800ಕ್ಕೆ 8,200 ಎಂದರೆ ಶೇ. 9.4, ಇಪ್ಪತ್ತು ತಿಂಗಳಿಗೆ ಇಷ್ಟೇ ಆದರೆ ವರ್ಷಕ್ಕೆ ಆರೂ ಇಲ್ಲ ಎನಿಸುತ್ತದೆ. ಆದರೆ 86,800 ಮೊದಲ ದಿನವೇ ಕಟ್ಟಿದ ಹಣವಲ್ಲ. ಮೊದಲ ಕಂತು 19 ತಿಂಗಳು ಚೀಟಿಯಲ್ಲಿತ್ತು, ಎರಡನೆಯದು 18 ತಿಂಗಳು, ಕೊನೆಯದು ಒಂದು ದಿನವೂ ಇಲ್ಲ. ಪ್ರತಿ ಕಂತನ್ನು ಅದು ಕಾದ ತಿಂಗಳುಗಳಿಂದ ಗುಣಿಸಿ ಕೂಡಿದರೆ 7,79,150 ಬರುತ್ತದೆ. ಅಷ್ಟು ರೂಪಾಯಿಗಳು ಒಂದೊಂದು ತಿಂಗಳು ದುಡಿದಂತೆ. 8,200ನ್ನು ಇದರಿಂದ ಭಾಗಿಸಿದರೆ ತಿಂಗಳಿಗೆ ಶೇ. 1.05, ವರ್ಷಕ್ಕೆ ಸರಳ ಬಡ್ಡಿಯಲ್ಲಿ ಶೇ. 12.6. ತಿಂಗಳು ತಿಂಗಳು ಬಡ್ಡಿಗೆ ಬಡ್ಡಿ ಸೇರಿಸುವ ಲೆಕ್ಕದಲ್ಲಿ ಇದು ಶೇ. 12ರ ಹತ್ತಿರ ನಿಲ್ಲುತ್ತದೆ. ಇದೇ ಕಂತುಗಳನ್ನು ಶೇ. 6.5ರ ಆರ್‌ಡಿಯಲ್ಲಿ ಕಟ್ಟಿದ್ದರೆ ಬರುತ್ತಿದ್ದ ಬಡ್ಡಿ ಸುಮಾರು 4,300. ಕಾಗದದ ಮೇಲೆ ನೋಡಿದರೆ ಚೀಟಿಯೇ ಗೆದ್ದಿದೆ.

ಕಂಪ್ಯೂಟರ್ ಅಥವಾ ಮೊಬೈಲಿನಲ್ಲಿ ಎಕ್ಸೆಲ್ ತೆರೆಯಬಲ್ಲವರಿಗೆ ಕೈಲೆಕ್ಕ ಬೇಕಿಲ್ಲ. ಒಂದೇ ಕಾಲಮ್ಮಿನಲ್ಲಿ ತಿಂಗಳಿಗೊಂದು ಸಾಲಿನಂತೆ ಕಟ್ಟಿದ ಹಣವನ್ನು ಮೈನಸ್ ಗುರುತಿನೊಂದಿಗೆ, ಬಂದ ಹಣವನ್ನು ಹಾಗೆಯೇ ಬರೆದು ಕೆಳಗೆ ಈ ಸೂತ್ರ ಹಾಕಿದರೆ ವರ್ಷದ ದರ ಸಿಗುತ್ತದೆ:

```
=IRR(B1:B20)*12
```

ಎತ್ತಿದ ತಿಂಗಳ ಸಾಲಿನಲ್ಲಿ ಬಂದ ಹಣದಿಂದ ಆ ತಿಂಗಳ ಕಂತನ್ನು ಕಳೆದು ಬರೆಯಬೇಕು. ಮೊದಲ ಅಥವಾ ಕೊನೆಯ ತಿಂಗಳು ಎತ್ತಿದವರಿಗೆ ಈ ಸೂತ್ರ ಸರಿಯಾದ ಉತ್ತರ ಕೊಡುತ್ತದೆ. ನಡುವಿನವರಿಗೆ ಕೊಡುವುದಿಲ್ಲ. ಅವರ ಹಣ ಮೊದಲು ಹೊರಗೆ ಹೋಗಿ, ಒಮ್ಮೆ ಒಳಗೆ ಬಂದು, ಮತ್ತೆ ಹೊರಗೆ ಹೋಗುತ್ತದೆ. ಅಂಥ ಸರಣಿಗೆ ಒಂದೇ ದರ ಎಂಬುದು ಇರುವುದಿಲ್ಲ. ಸೂತ್ರ ಅರ್ಥವಿಲ್ಲದ ಸಂಖ್ಯೆಯನ್ನೂ ಕೊಡಬಹುದು. ಅವರ ಲೆಕ್ಕವನ್ನು ಎರಡು ಭಾಗ ಮಾಡಿಯೇ ನೋಡಬೇಕು.

ಹಾಗೆ ನೋಡಿದಾಗ ಸಿಗುವ ಉತ್ತರ ಅನಿರೀಕ್ಷಿತವಾದದ್ದು. ಹತ್ತನೇ ತಿಂಗಳಲ್ಲಿ ಎತ್ತಿದವರಿಗೆ ಸಿಕ್ಕಿದ್ದು 82,000. ಕಟ್ಟುವುದು ಎಲ್ಲರಂತೆ 86,800. ನಷ್ಟ 4,800 ಮಾತ್ರ. ಮೊದಲ ತಿಂಗಳಿನವರ 16,800ರ ಮುಂದೆ ಇದು ಚಿಲ್ಲರೆ ಎಂದು ತೋರುತ್ತದೆ. ಆದರೆ ಅವರು ಸಾಲವಾಗಿ ಪಡೆದದ್ದೆಷ್ಟು? ಮೊದಲ ಒಂಬತ್ತು ತಿಂಗಳಲ್ಲಿ ಅವರೇ 35,600 ಕಟ್ಟಿದ್ದಾರೆ. ಆರ್‌ಡಿಯಲ್ಲಿದ್ದಿದ್ದರೆ ಅದು ಅಷ್ಟು ಹೊತ್ತಿಗೆ ಸುಮಾರು 36,550 ಆಗಿರುತ್ತಿತ್ತು. ಆ ತಿಂಗಳ ಕಂತು ಕಳೆದು ಕೈಗೆ ಬಂದ 77,650ರಲ್ಲಿ ಇಷ್ಟು ಅವರ ಸ್ವಂತ ಹಣ. ಬೇರೆಯವರದ್ದು ಉಳಿದ 41,100 ಮಾತ್ರ. ಈ 41,100ಕ್ಕೆ ಮುಂದಿನ ಹತ್ತು ತಿಂಗಳಲ್ಲಿ ಅವರು ಕಟ್ಟುವುದು 46,850. ದರ ತಿಂಗಳಿಗೆ ಶೇ. 2.4, ವರ್ಷಕ್ಕೆ ಸುಮಾರು ಶೇ. 29. ಮೊದಲು ಎತ್ತಿದವರಿಗಿಂತಲೂ ತುಟ್ಟಿ!

ಇದಕ್ಕೆ ಕಾರಣ ಕಮಿಷನ್. ಶೇ. 5ರ ಕಮಿಷನ್ನನ್ನು ಸಾಲದ ಮೇಲೆ ಹಾಕುವುದಿಲ್ಲ, ಚೀಟಿಯ ಪೂರ್ತಿ ಮೊತ್ತದ ಮೇಲೆ ಹಾಕುತ್ತಾರೆ. ಮೊದಲ ತಿಂಗಳಿನವರು 66,250 ಸಾಲಕ್ಕೆ 5,000 ಕಮಿಷನ್ ಕೊಟ್ಟರು, ಹತ್ತನೇ ತಿಂಗಳಿನವರು 41,100 ಸಾಲಕ್ಕೆ ಅದೇ 5,000 ಕೊಟ್ಟರು. ಅವರ ಅರ್ಧ ಗಂಟು ಅವರದೇ ಉಳಿತಾಯ, ಅದರ ಮೇಲೂ ಕಮಿಷನ್ ಹೋಯಿತು. ಕೊನೆಯವರಂತೂ ಸಾಲ ಒಂದು ಪೈಸೆಯೂ ಪಡೆಯದೆ 5,000 ತೆತ್ತರು. ಅದಿಲ್ಲದಿದ್ದರೆ ಅವರ 8,200 ಲಾಭ 13,200 ಆಗಿರುತ್ತಿತ್ತು. ‘ನಡುವೆ ಎತ್ತಿದರೆ ಲಾಭವೂ ಇಲ್ಲ ನಷ್ಟವೂ ಇಲ್ಲ’ ಎಂಬ ನಂಬಿಕೆ ಚೀಟಿ ಕಟ್ಟುವವರಲ್ಲಿ ಸಾಮಾನ್ಯ. ಈ ಚೀಟಿಯಲ್ಲಿ ಹಾಕಿದ್ದು ಹಾಗೇ ಹಿಂದೆ ಬರುವುದು ಹದಿನಾಲ್ಕನೇ ತಿಂಗಳಲ್ಲಿ, ಕೂಗು 13,000ಕ್ಕೆ ಇಳಿದಾಗ. ಅದಕ್ಕೆ ಮೊದಲು ಎತ್ತಿದ ಹದಿಮೂರು ಮಂದಿಗೂ ನಷ್ಟ, ಏಳು ಮಂದಿಗೆ ಲಾಭ. ಇಪ್ಪತ್ತೂ ಜನರ ಲಾಭನಷ್ಟ ಕೂಡಿದರೆ ಉಳಿಯುವುದು 1 ಲಕ್ಷ ರೂಪಾಯಿಯ ನಷ್ಟ, ಅಂದರೆ ಇಪ್ಪತ್ತು ತಿಂಗಳ ಕಮಿಷನ್. ಚೀಟಿಯೊಳಗೆ ಹೊಸದಾಗಿ ದುಡ್ಡು ಹುಟ್ಟುವುದಿಲ್ಲ. ಕೊನೆಯವರ ಲಾಭವೆಲ್ಲ ಮೊದಲಿನವರ ಜೇಬಿನಿಂದ ಬಂದದ್ದು, ದಾರಿಯಲ್ಲಿ ಕಮಿಷನ್ ಕಳೆದು.

ಕಮಿಷನ್ ಎಷ್ಟಿರಬಹುದು ಎಂಬುದನ್ನು 1982ರ ಚಿಟ್ ಫಂಡ್ಸ್ ಕಾಯ್ದೆ ನಿಗದಿ ಮಾಡಿದೆ. ಮೊದಲು ಮಿತಿ ಶೇ. 5 ಇತ್ತು, 2019ರ ತಿದ್ದುಪಡಿ ಅದನ್ನು ಶೇ. 7ಕ್ಕೆ ಏರಿಸಿತು. ಎರಡೇ ಪರ್ಸೆಂಟ್ ಅಲ್ಲವೇ ಎನ್ನುವಂತಿಲ್ಲ. ಮೇಲಿನ ಚೀಟಿಯಲ್ಲೇ, ಕೂಗು ಬದಲಾಗದೆ, ಕಮಿಷನ್ ಮಾತ್ರ ಶೇ. 7 ಆಗಿದ್ದರೆ ಪ್ರತಿ ತಿಂಗಳ ಡಿವಿಡೆಂಡಿನಲ್ಲಿ ನೂರು ರೂಪಾಯಿ ಇಳಿಯುತ್ತದೆ. ಕೊನೆಯವರು ಕಟ್ಟುವುದು 88,700 ಆಗಿ, ಸಿಗುವುದು 93,000ಕ್ಕೆ ಇಳಿಯುತ್ತದೆ. ಲಾಭ 4,300. ಆರ್‌ಡಿಯಲ್ಲಿ ಬರುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ. ಎರಡು ಪರ್ಸೆಂಟ್ ಕಮಿಷನ್ ಕೊನೆಯವರ ಲಾಭದ ಅರ್ಧವನ್ನು ತಿಂದುಹಾಕುತ್ತದೆ.

ಇಲ್ಲಿಯವರೆಗಿನ ಲೆಕ್ಕ ಬಿಸಿಯಾದ ಚೀಟಿಯದು, ಅಂದರೆ ದುಡ್ಡಿಗೆ ಪೈಪೋಟಿ ಜೋರಾಗಿದ್ದು ಕೂಗು ನಿಧಾನವಾಗಿ ಇಳಿದ ಚೀಟಿಯದು. ಎಲ್ಲ ಚೀಟಿಯೂ ಹೀಗಿರುವುದಿಲ್ಲ. ಸಂಬಳದಾರರೇ ಸೇರಿರುವ ಗುಂಪಿನಲ್ಲಿ ಎಲ್ಲರೂ ಕೊನೆಗೆ ಎತ್ತಲು ಕಾಯುತ್ತಾರೆ, ಕೂಗುವವರೇ ಇರುವುದಿಲ್ಲ. ಅಂಥ ಇನ್ನೊಂದು 1 ಲಕ್ಷದ ಚೀಟಿಯಲ್ಲಿ ಕೂಗು 20,000ದಿಂದ ಶುರುವಾಗಿ ಎರಡೆರಡು ತಿಂಗಳಿಗೆ 18, 15, 12, 10, 8 ಸಾವಿರಕ್ಕೆ ಇಳಿದು, ಹದಿಮೂರನೇ ತಿಂಗಳಿಂದ ಬರಿಯ ಕಮಿಷನ್ನಿಗೆ ಬಂದು ನಿಂತಿತು ಎಂದಿಟ್ಟುಕೊಳ್ಳಬಹುದು. ಆಗ ಪ್ರತಿಯೊಬ್ಬರೂ ಕಟ್ಟುವುದು 94,700. ಕೊನೆಗೆ ಎತ್ತಿದವರಿಗೆ 95,000. ಇಪ್ಪತ್ತು ತಿಂಗಳ ಕಾಯುವಿಕೆಗೆ ಸಿಕ್ಕ ಲಾಭ 300 ರೂಪಾಯಿ! ಆರ್‌ಡಿಯಲ್ಲಿ ಇದೇ ಕಂತುಗಳಿಗೆ 4,800ರ ಆಸುಪಾಸು ಬಡ್ಡಿ ಬರುತ್ತಿತ್ತು. ಹಾಗೆಂದು ಮೊದಲು ಎತ್ತಿದವರಿಗೆ ಸಾಲ ಪುಕ್ಕಟೆಯಾಗಿ ಸಿಕ್ಕಿತೆಂದಲ್ಲ. ಅವರಿಗೂ ವರ್ಷಕ್ಕೆ ಶೇ. 21ರ ಮೇಲೆಯೇ ಬಿತ್ತು. ಒಂದು ಕಡೆ ಇಪ್ಪತ್ತೊಂದು, ಇನ್ನೊಂದು ಕಡೆ ಸೊನ್ನೆ. ನಡುವಿನದ್ದು ಬಹುಪಾಲು ಚೀಟಿ ನಡೆಸುವವರಿಗೆ.

ಈ ತಣ್ಣನೆಯ ಚೀಟಿಯಿಂದ ಇನ್ನೊಂದು ವಿಷಯ ಹೊರಬೀಳುತ್ತದೆ. ಹದಿಮೂರನೇ ತಿಂಗಳು ಎತ್ತಿದವರಿಗೂ 95,000, ಇಪ್ಪತ್ತನೇ ತಿಂಗಳು ಎತ್ತಿದವರಿಗೂ 95,000. ಇಬ್ಬರೂ ಕಟ್ಟಿದ್ದು ಒಂದೇ. ಹದಿಮೂರರಲ್ಲಿ ಎತ್ತಿದವರ ಬಳಿ ಆ ಹಣ ಏಳು ತಿಂಗಳು ಮೊದಲೇ ಇದೆ, ಅದನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ತಿನ್ನಬಹುದು. ಕೊನೆಯವರೆಗೂ ಕಾದವರಿಗೇ ಹೆಚ್ಚು ಲಾಭ ಎಂಬುದು ಕೂಗು ಇಳಿಯುತ್ತಿರುವವರೆಗೆ ಮಾತ್ರ ನಿಜ. ಕೂಗು ತಳ ಮುಟ್ಟಿದ ಮೇಲೆ ಕಾಯುವುದರಲ್ಲಿ ಅರ್ಥವಿಲ್ಲ. ಲಾಟರಿಯಲ್ಲಿ ಮೊದಲು ಹೆಸರು ಬಂದವರೇ ಅದೃಷ್ಟವಂತರು.

ಯಾವಾಗ ಎತ್ತಬೇಕು ಎಂಬುದಕ್ಕೆ ಇದರಿಂದ ಒಂದು ಸರಳ ಅಳತೆ ಸಿಗುತ್ತದೆ. ಕಂತುಗಳು ಹೇಗಿದ್ದರೂ ಒಂದೇ ಆದ್ದರಿಂದ ಅವುಗಳನ್ನು ಮರೆತುಬಿಡಬಹುದು. ಈ ತಿಂಗಳು ಎತ್ತಿದರೆ ಎಷ್ಟು, ಮುಂದಿನ ತಿಂಗಳು ಎತ್ತಿದರೆ ಎಷ್ಟು ಎಂಬುದಷ್ಟೇ ಪ್ರಶ್ನೆ. ಮೊದಲ ಚೀಟಿಯಲ್ಲಿ ಹದಿನೈದನೇ ತಿಂಗಳು 88,000, ಹದಿನಾರನೆಯದರಲ್ಲಿ 89,000. ಒಂದು ತಿಂಗಳು ಕಾದದ್ದಕ್ಕೆ 88,000ಕ್ಕೆ 1,000, ಅಂದರೆ ಶೇ. 1.1. ಬ್ಯಾಂಕು ಆ ಒಂದು ತಿಂಗಳಿಗೆ ಕೊಡುವುದು ಐನೂರರ ಆಸುಪಾಸು. ಆದ್ದರಿಂದ ಬ್ಯಾಂಕಿನಲ್ಲಿಡಲೆಂದೇ ಎತ್ತುವವರು ಕಾಯಬೇಕು. ಮುಂದಿನ ತಿಂಗಳು ಕೂಗು ಐನೂರಕ್ಕಿಂತ ಕಡಿಮೆ ಇಳಿಯುವಂತಿದ್ದರೆ ಈಗಲೇ ಎತ್ತಬೇಕು. ಮೂರು ರೂಪಾಯಿ ಬಡ್ಡಿಯ ಸಾಲ ತಲೆಯ ಮೇಲಿದ್ದವರಿಗೆ ಲೆಕ್ಕ ಬೇರೆ: ಅವರಿಗೆ ಒಂದು ತಿಂಗಳು ಕಾಯುವುದರ ಬೆಲೆ 88,000ಕ್ಕೆ 2,640. ಅಷ್ಟು ಕೂಗು ಒಂದೇ ತಿಂಗಳಲ್ಲಿ ಇಳಿಯುವುದು ಅಪರೂಪ, ಹಾಗಾಗಿ ಅವರು ಮೊದಲೇ ಎತ್ತಿ ಸಾಲ ತೀರಿಸುವುದೇ ಸರಿ. ಕೂಗು ಯಾವ ವೇಗದಲ್ಲಿ ಇಳಿಯುತ್ತದೆ ಎಂಬ ಅಂದಾಜಿಗೆ ಅದೇ ಸಂಸ್ಥೆಯಲ್ಲಿ ಈಚೆಗೆ ಮುಗಿದ ಅದೇ ಮೊತ್ತದ ಚೀಟಿಯ ತಿಂಗಳವಾರು ಪಟ್ಟಿ ಕೇಳಿ ನೋಡಬೇಕು. ಚೀಟಿಗೆ ಸೇರುವ ಮೊದಲೇ ಇದನ್ನು ಕೇಳುವುದು ಇನ್ನೂ ಒಳ್ಳೆಯದು.

ಪಟ್ಟಿಯಲ್ಲಿ ಕಾಣದ ಕೆಲವು ಕಡಿತಗಳೂ ಇವೆ. ಕಮಿಷನ್ನಿನ ಮೇಲೆ ಜಿಎಸ್‌ಟಿ ಇದೆ. 2022ರ ಜುಲೈನಲ್ಲಿ ಅದು ಶೇ. 12ರಿಂದ 18ಕ್ಕೆ ಏರಿತು. 5,000 ಕಮಿಷನ್ನಿಗೆ 900 ರೂಪಾಯಿ. ಇದನ್ನು ಸಾಮಾನ್ಯವಾಗಿ ಸದಸ್ಯರಿಂದಲೇ ಪಡೆಯುತ್ತಾರೆ. ಕೊನೆಯವರ 8,200 ಆಗ 7,300 ಆಗುತ್ತದೆ. ಎರಡನೆಯದು ತಡ. ಕೂಗು ಮುಗಿದ ದಿನವೇ ಹಣ ಕೈಗೆ ಬರುವುದಿಲ್ಲ. ಕಾಗದಪತ್ರಗಳೆಲ್ಲ ಮುಗಿದು ಚೆಕ್ಕು ಬರುವಷ್ಟರಲ್ಲಿ ತಿಂಗಳಾಗಬಹುದು. ಎಲ್ಲ ಕಂತೂ ಒಂದೊಂದು ತಿಂಗಳು ಹೆಚ್ಚಿಗೆ ಕಾದಂತಾಗಿ ಶೇ. 12.6 ಎಂದು ಕಂಡ ಸರಳ ಬಡ್ಡಿ ಶೇ. 10ಕ್ಕೆ ಬಂದು ನಿಲ್ಲುತ್ತದೆ. ಮೊದಲು ಎತ್ತುವವರಿಗೆ ಈ ತಡ ಇನ್ನೂ ಭಾರ, ಏಕೆಂದರೆ ಅವರು ಜಾಮೀನುದಾರರನ್ನು ಹೊಂದಿಸಬೇಕು. ಅಷ್ಟರಲ್ಲಿ ಕಂತು ಮಾತ್ರ ನಿಲ್ಲದೆ ಓಡುತ್ತಿರುತ್ತದೆ. ಇನ್ನು ಕಂತು ತಪ್ಪಿಸಿದವರಿಗೆ ಆ ತಿಂಗಳ ಡಿವಿಡೆಂಡ್ ಕೊಡದಿರುವ ಷರತ್ತು ಬಹಳ ಕರಾರುಗಳಲ್ಲಿ ಇರುತ್ತದೆ. ಉಳಿತಾಯಗಾರರ ಲಾಭವೆಲ್ಲ ಡಿವಿಡೆಂಡಿನಿಂದಲೇ ಬರುವುದರಿಂದ ಆರಂಭದ ಮೂರು ಕಂತು ತಡವಾದರೆ 3,750 ರೂಪಾಯಿ, ಅಂದರೆ ಲಾಭದ ಅರ್ಧದ ಹತ್ತಿರ, ಅಲ್ಲಿಯೇ ಹೋಯಿತು.

ಇಷ್ಟೆಲ್ಲ ಕಳೆದ ಮೇಲೂ ಶೇ. 10 ಎಂಬುದು ಬ್ಯಾಂಕಿಗಿಂತ ಹೆಚ್ಚು. ಆದರೆ ಬ್ಯಾಂಕು ಮತ್ತು ಚೀಟಿ ಒಂದೇ ಬಗೆಯ ಅಪಾಯದವಲ್ಲ. ಚೀಟಿ ಎತ್ತಿಕೊಂಡವರು ಉಳಿದ ಕಂತುಗಳಿಗೆ ಜಾಮೀನು ಕೊಟ್ಟಿರುತ್ತಾರೆ. ಕೊನೆಯವರಿಗೆ ಕೊಟ್ಟ ಜಾಮೀನು ಏನು? ಕಾಯ್ದೆಯ ಪ್ರಕಾರ ಚೀಟಿ ನಡೆಸುವವರು ಚೀಟಿಯ ಒಂದು ಪೂರ್ತಿ ಮೊತ್ತದಷ್ಟು ಭದ್ರತೆಯನ್ನು ನೋಂದಣಾಧಿಕಾರಿಯ ಹೆಸರಿಗೆ ಇಟ್ಟಿರಬೇಕು. ಮೇಲಿನ ಚೀಟಿಯಲ್ಲಿ ಅದು 1 ಲಕ್ಷ. ಹತ್ತನೇ ತಿಂಗಳಲ್ಲಿ ಚೀಟಿ ಮುಳುಗಿದರೆ ಇನ್ನೂ ಎತ್ತದ ಹತ್ತು ಜನ ತಲಾ ಸುಮಾರು 40,000 ಕಟ್ಟಿರುತ್ತಾರೆ, ಒಟ್ಟು 4 ಲಕ್ಷ. ಭದ್ರತೆ ಅದರ ಕಾಲು ಭಾಗ. ಉಳಿದದ್ದು ಎತ್ತಿದವರಿಂದ ವಸೂಲಾಗಬೇಕು, ಅದಕ್ಕೆ ವರ್ಷಗಳು ಹಿಡಿಯಬಹುದು. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಚೀಟಿಗೆ ಇಲ್ಲ. ಪರಿಚಯದವರು ನಡೆಸುವ ನೋಂದಣಿ ಇಲ್ಲದ ಚೀಟಿಯಲ್ಲಿ ಆ ಕಾಲು ಭಾಗವೂ ಇಲ್ಲ.

ಈ ಅಪಾಯವನ್ನೂ ರೂಪಾಯಿಯಲ್ಲಿ ಅಳೆಯಬಹುದು. ಜಿಎಸ್‌ಟಿ, ತಡ ಯಾವುದನ್ನೂ ಲೆಕ್ಕಕ್ಕೆ ಹಿಡಿಯದಿದ್ದರೂ ಕೊನೆಯವರಿಗೆ ಆರ್‌ಡಿಗಿಂತ ಹೆಚ್ಚು ಸಿಕ್ಕಿದ್ದು 8,200ರಲ್ಲಿ 4,300 ಕಳೆದು ಉಳಿದ 3,900. ಅಪಾಯದಲ್ಲಿರುವುದು 86,800. ಒಂದು ಚೀಟಿ ಕೊನೆಯ ಹಂತದಲ್ಲಿ ಮುಳುಗಿದರೆ ಇಪ್ಪತ್ತೆರಡು ಚೀಟಿಗಳ ಹೆಚ್ಚುವರಿ ಲಾಭ ಅಳಿಸಿಹೋಗುತ್ತದೆ. ಚೀಟಿ ನಡೆಸುವವರ ಮೇಲೆ ಅಷ್ಟು ಖಚಿತವಾದ ನಂಬಿಕೆ ಇಲ್ಲದವರಿಗೆ ಕೊನೆಯವರೆಗೆ ಕಾಯುವುದು ಲಾಭದ ವ್ಯವಹಾರವಲ್ಲ.

ಮುಳುಗುವ ಚೀಟಿ ಮುನ್ಸೂಚನೆ ಕೊಡುವುದುಂಟು. ಅರ್ಧ ಅವಧಿ ದಾಟಿದರೂ ಕೂಗು ಮಿತಿಯಲ್ಲೇ ನಿಂತಿದ್ದರೆ ಡಿವಿಡೆಂಡ್ ಸೊಗಸಾಗಿ ಬರುತ್ತಿದೆ ಎಂದು ಹಿಗ್ಗುವವರೇ ಹೆಚ್ಚು. ಅಷ್ಟು ತುಟ್ಟಿಗೆ ದುಡ್ಡು ಎತ್ತುತ್ತಿರುವವರು ಯಾರು, ಅವರು ಮುಂದಿನ ಕಂತು ಕಟ್ಟಬಲ್ಲರೇ ಎಂದು ಕೇಳಬೇಕಾದ ಹೊತ್ತು ಅದು. ಎತ್ತಿದವರ ಹೆಸರು ಹೇಳದಿರುವುದು, ಕೂಗಿಗೆ ಸದಸ್ಯರನ್ನು ಕರೆಯದಿರುವುದು, ಎತ್ತಿದವರಿಗೆ ಚೆಕ್ಕು ತಿಂಗಳುಗಟ್ಟಲೆ ತಡವಾಗುವುದು ಇನ್ನೂ ಕೆಟ್ಟ ಲಕ್ಷಣ. ಪ್ರತಿ ಕೂಗಿನ ನಡಾವಳಿ ಬರೆದು ಅದರ ಪ್ರತಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು ಕಾಯ್ದೆ ಹೇಳುತ್ತದೆ. ಕರ್ನಾಟಕದಲ್ಲಿ ಆ ಕೆಲಸ ಸಹಕಾರ ಇಲಾಖೆಯದು. ಚೀಟಿಗೆ ಸಂಬಂಧಿಸಿದ ತಕರಾರುಗಳನ್ನೂ ಮೊದಲು ಅಲ್ಲಿಗೇ ಒಯ್ಯಬೇಕು.

ಬೆಲೆ ಏರಿಕೆಯನ್ನು ಲೆಕ್ಕಕ್ಕೆ ಹಿಡಿದರೆ ಉಳಿತಾಯಗಾರರ ಲಾಭ ಇನ್ನೂ ತೆಳ್ಳಗಾಗುತ್ತದೆ. ವರ್ಷಕ್ಕೆ ಶೇ. 5ರಷ್ಟು ಬೆಲೆ ಏರುತ್ತಿದ್ದರೆ ಬಿಸಿ ಚೀಟಿಯ ಶೇ. 10ರಲ್ಲಿ ನಿಜವಾದ ಗಳಿಕೆ ಶೇ. 5, ತಣ್ಣನೆಯ ಚೀಟಿಯಲ್ಲಿ ಹಣ ಅಷ್ಟೇ ಇದ್ದರೂ ಅದರಿಂದ ಕೊಳ್ಳಬಹುದಾದ ಸಾಮಾನು ಕಡಿಮೆ. ಸಾಲಗಾರರಿಗೆ ಮಾತ್ರ ಬೆಲೆ ಏರಿಕೆ ಸ್ವಲ್ಪ ನೆರವಾಗುತ್ತದೆ, ಏಕೆಂದರೆ ಅವರು ಇಂದಿನ ರೂಪಾಯಿ ಪಡೆದು ಮುಂದಿನ ಅಗ್ಗದ ರೂಪಾಯಿಯಲ್ಲಿ ತೀರಿಸುತ್ತಾರೆ. ಹಾಗಿದ್ದರೂ ಅವರ ಶೇ. 27 ಇಳಿಯುವುದು 22ರವರೆಗೆ ಮಾತ್ರ.

ಒಟ್ಟಿನಲ್ಲಿ ಹರಾಜು ಚೀಟಿ ಹೆಚ್ಚು ಉಪಯೋಗಕ್ಕೆ ಬರುವುದು ಬ್ಯಾಂಕಿನಲ್ಲಿ ಸಾಲ ಹುಟ್ಟದೆ ಗಂಟು ತುರ್ತಾಗಿ ಬೇಕಾದವರಿಗೆ. ಕೇವಲ ಉಳಿತಾಯಕ್ಕೆಂದು ಸೇರುವವರು ಕಮಿಷನ್ ಶೇ. 5ರ ಮೇಲಿದ್ದರೆ, ಅಥವಾ ಹಿಂದಿನ ಚೀಟಿಯಲ್ಲಿ ಕೂಗು ಅರ್ಧ ಅವಧಿಗೇ ತಳ ಮುಟ್ಟಿದ್ದರೆ, ಆ ಕಂತನ್ನು ಆರ್‌ಡಿಗೆ ಕಟ್ಟುವುದೇ ಲೇಸು.